ಬೋನಸ್ ಬಂತು, ಬೆಲೆ ಅರ್ಧವಾಯಿತು: ಷೇರುದಾರರಿಗೆ ನಿಜವಾಗಿ ಸಿಕ್ಕಿದ್ದೇನು?

ಪ್ರಶ್ನೆ: ನಾನು ಸಣ್ಣ ಹೂಡಿಕೆದಾರ. ಒಂದು ಕಂಪನಿ 1:1 ಬೋನಸ್ ಘೋಷಿಸಿದ್ದರಿಂದ ಕಳೆದ ತಿಂಗಳು 600 ರೂಪಾಯಿಯಂತೆ 100 ಷೇರು ಕೊಂಡೆ. ರೆಕಾರ್ಡ್ ಡೇಟ್ ದಿನ ಬೆಳಿಗ್ಗೆ ನೋಡಿದರೆ ಬೆಲೆ 300 ಆಗಿತ್ತು, ಆ್ಯಪ್‌ನಲ್ಲಿ 30,000 ರೂಪಾಯಿ ನಷ್ಟ ತೋರಿಸುತ್ತಿದೆ. ಬೋನಸ್ ಸಿಕ್ಕರೂ ಲಾಭವಿಲ್ಲವೇ? ಸ್ಪ್ಲಿಟ್ ಆಗಿದ್ದರೆ ಬೇರೆಯಾಗುತ್ತಿತ್ತೇ? ಇನ್ನು ಮುಂದೆ ಇಂಥ ಪ್ರಕಟಣೆ ಬಂದಾಗ ಏನನ್ನು ನೋಡಬೇಕು? ಈಗ ಮಾರಿಬಿಡಲೇ?

ಉತ್ತರ: ಮೊದಲು ಆ್ಯಪ್ ತೋರಿಸುತ್ತಿರುವ ನಷ್ಟದ ವಿಷಯ. ಅದು ನಷ್ಟವಲ್ಲ, ಲೆಕ್ಕ ಇನ್ನೂ ಪೂರ್ತಿಯಾಗಿಲ್ಲ ಅಷ್ಟೆ. ಬೋನಸ್‌ಗೆ ಯಾರು ಅರ್ಹರು ಎಂದು ನಿರ್ಧರಿಸುವ ರೆಕಾರ್ಡ್ ಡೇಟ್ ದಿನ ವಹಿವಾಟು ಶುರುವಾಗುವ ಮುನ್ನವೇ ಷೇರು ವಿನಿಮಯ ಕೇಂದ್ರವು ಹಿಂದಿನ ದಿನದ ಮುಕ್ತಾಯ ಬೆಲೆಯನ್ನು ಬೋನಸ್ ಅನುಪಾತಕ್ಕೆ ತಕ್ಕಂತೆ ಇಳಿಸಿಕೊಳ್ಳುತ್ತದೆ. ಹೊಸ ಷೇರುಗಳು ನಿಮ್ಮ ಡಿಮ್ಯಾಟ್ ಖಾತೆಗೆ ಬರುವುದು ಅದರ ನಂತರ. ಈ ನಡುವಿನ ಅವಧಿಯಲ್ಲಿ ಆ್ಯಪ್‌ಗೆ ಕಾಣುವುದು 300 ರೂಪಾಯಿಯ 100 ಷೇರು ಮಾತ್ರ. 2024ರ ಅಕ್ಟೋಬರ್ 1ರ ನಂತರ ಘೋಷಣೆಯಾದ ಬೋನಸ್‌ಗಳಿಗೆ ಸೆಬಿ ನಿಯಮದ ಪ್ರಕಾರ ರೆಕಾರ್ಡ್ ಡೇಟ್ ಆದ ಎರಡನೆಯ ವಹಿವಾಟು ದಿನದಿಂದ ಆ ಷೇರುಗಳನ್ನು ಮಾರಬಹುದು. ಮೊದಲು ಇದಕ್ಕೆ ಹೆಚ್ಚು ದಿನ ಕಾಯಬೇಕಿತ್ತು. ಹೊಸ ಷೇರುಗಳು ಖಾತೆಗೆ ಸೇರಿದ ಮೇಲೆ ನಿಮ್ಮ ಬಳಿ 200 ಷೇರು ಇರುತ್ತವೆ, ಅವುಗಳ ಮೌಲ್ಯ ಸುಮಾರು 60,000 ರೂಪಾಯಿಯೇ ಇರುತ್ತದೆ.

ಮೌಲ್ಯ ಏಕೆ ಅಷ್ಟೇ ಉಳಿಯುತ್ತದೆ ಎಂಬುದು ಕಂಪನಿಯ ಲೆಕ್ಕಪತ್ರವನ್ನು ನೋಡಿದರೆ ಸ್ಪಷ್ಟವಾಗುತ್ತದೆ. ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ 10 ರೂಪಾಯಿ ಮುಖಬೆಲೆಯ 1 ಕೋಟಿ ಷೇರುಗಳಿವೆ, ಅಂದರೆ ಷೇರು ಬಂಡವಾಳ 10 ಕೋಟಿ ರೂಪಾಯಿ. ವರ್ಷಗಳಿಂದ ಕೂಡಿಬಂದ ಮೀಸಲು 190 ಕೋಟಿ. ಹೀಗೆ ಷೇರುದಾರರ ಒಟ್ಟು ನಿಧಿ 200 ಕೋಟಿ. ವರ್ಷದ ಲಾಭ 30 ಕೋಟಿ, ಅಂದರೆ ಪ್ರತಿ ಷೇರಿಗೆ 30 ರೂಪಾಯಿ ಗಳಿಕೆ. ಮಾರುಕಟ್ಟೆ ಬೆಲೆ 600 ರೂಪಾಯಿ, ಇದು ಗಳಿಕೆಯ ಇಪ್ಪತ್ತು ಪಟ್ಟು.

ಈ ಕಂಪನಿ 1:1 ಬೋನಸ್ ಕೊಟ್ಟಿತು ಎನ್ನಿ. ಆಗ ನಡೆಯುವುದು ಲೆಕ್ಕಪುಸ್ತಕದ ಒಂದು ನಮೂದು ಮಾತ್ರ: ಮೀಸಲಿನಿಂದ 10 ಕೋಟಿ ಷೇರು ಬಂಡವಾಳದ ಖಾತೆಗೆ ಹೋಗುತ್ತದೆ. ಬಂಡವಾಳ 20 ಕೋಟಿ, ಮೀಸಲು 180 ಕೋಟಿ ಆಗುತ್ತದೆ, ಒಟ್ಟು ಮೊದಲಿದ್ದ 200 ಕೋಟಿಯೇ. ಕಂಪನಿಯ ಬ್ಯಾಂಕ್ ಖಾತೆಗೆ ಒಂದು ರೂಪಾಯಿ ಬರಲಿಲ್ಲ, ಅಲ್ಲಿಂದ ಒಂದು ರೂಪಾಯಿ ಹೊರಗೂ ಹೋಗಲಿಲ್ಲ. ಕಾರ್ಖಾನೆ, ಗ್ರಾಹಕರು, ಸಾಲ, ಲಾಭ ಎಲ್ಲವೂ ನಿನ್ನೆ ಇದ್ದಂತೆಯೇ ಇವೆ. 30 ಕೋಟಿ ಲಾಭವನ್ನು ಈಗ 2 ಕೋಟಿ ಷೇರುಗಳಿಗೆ ಹಂಚುವುದರಿಂದ ಪ್ರತಿ ಷೇರಿನ ಗಳಿಕೆ 15 ರೂಪಾಯಿ, ಅದರ ಇಪ್ಪತ್ತು ಪಟ್ಟು 300 ರೂಪಾಯಿ. ಮೊದಲು 100 ಷೇರು ಹೊಂದಿದ್ದವರು ಕಂಪನಿಯ ಲಕ್ಷದಲ್ಲಿ ಒಂದು ಪಾಲಿಗೆ ಒಡೆಯರಾಗಿದ್ದರು. 200 ಷೇರಿನೊಂದಿಗೂ ಅವರ ಪಾಲು ಲಕ್ಷದಲ್ಲಿ ಒಂದೇ. ಷೇರುದಾರರೆಲ್ಲರಿಗೂ ಒಂದೇ ಪ್ರಮಾಣದಲ್ಲಿ ಹೊಸ ಷೇರು ಸಿಕ್ಕಾಗ ಯಾರ ಪಾಲೂ ಹೆಚ್ಚುವುದಿಲ್ಲ. ‘ಉಚಿತ ಷೇರು’ ಎಂಬ ಮಾತು ದಾರಿ ತಪ್ಪಿಸುವುದು ಇಲ್ಲಿಯೇ, ಏಕೆಂದರೆ ಬೋನಸ್‌ಗೆ ಬಳಸಿದ ಮೀಸಲು ಮೊದಲಿನಿಂದಲೂ ಷೇರುದಾರರದ್ದೇ ಆಗಿತ್ತು.

ಸ್ಪ್ಲಿಟ್‌ನಲ್ಲಿ ಈ ಒಂದು ನಮೂದು ಕೂಡ ಇರುವುದಿಲ್ಲ. 10 ರೂಪಾಯಿ ಮುಖಬೆಲೆಯ ಷೇರನ್ನು 5 ರೂಪಾಯಿಯ ಎರಡು ಷೇರುಗಳಾಗಿ ಒಡೆದರೆ ಬಂಡವಾಳ 10 ಕೋಟಿಯಲ್ಲೇ, ಮೀಸಲು 190 ಕೋಟಿಯಲ್ಲೇ ನಿಲ್ಲುತ್ತದೆ. ಷೇರುಗಳ ಸಂಖ್ಯೆ 2 ಕೋಟಿ, ಗಳಿಕೆ 15, ಬೆಲೆ 300, ಎಲ್ಲವೂ ಬೋನಸ್‌ನಂತೆಯೇ. ಮುಖಬೆಲೆ ಬದಲಾಗುವುದರಿಂದ ಸ್ಪ್ಲಿಟ್ ಆದಾಗ ಷೇರಿಗೆ ಐಎಸ್‌ಐಎನ್ ಎಂಬ ಹೊಸ ಗುರುತಿನ ಸಂಖ್ಯೆ ಬರುತ್ತದೆ, ಆದ್ದರಿಂದ ಡಿಮ್ಯಾಟ್ ವಿವರದಲ್ಲಿ ಹಳೆಯ ಸಾಲು ಮಾಯವಾಗಿ ಹೊಸ ಸಾಲು ಕಂಡರೆ ಗಾಬರಿಯಾಗಬೇಕಿಲ್ಲ.

ಅನುಪಾತವನ್ನು ಓದುವಾಗ ಮಾತ್ರ ಎಚ್ಚರ ಬೇಕು. ಬೋನಸ್ ಅನುಪಾತದ ಮೊದಲ ಅಂಕಿ ಹೊಸದಾಗಿ ಸಿಗುವ ಷೇರು, ಎರಡನೆಯದು ಈಗಾಗಲೇ ಇರುವ ಷೇರು. 1:2 ಎಂದರೆ ಇರುವ ಎರಡಕ್ಕೆ ಒಂದು ಹೊಸದು, 2:1 ಎಂದರೆ ಇರುವ ಒಂದಕ್ಕೆ ಎರಡು ಹೊಸದು. ಸ್ಪ್ಲಿಟ್‌ನಲ್ಲಿ ಹಳೆಯದೇ ಒಡೆಯುತ್ತದೆ. ಆದ್ದರಿಂದ 5:1 ಬೋನಸ್‌ನಲ್ಲಿ ಒಂದು ಷೇರು ಒಟ್ಟು ಆರಾಗಿ ಬೆಲೆ ಆರನೆಯ ಒಂದು ಭಾಗಕ್ಕೆ ಇಳಿದರೆ, ಒಂದನ್ನು ಐದಾಗಿಸುವ ಸ್ಪ್ಲಿಟ್‌ನಲ್ಲಿ ಬೆಲೆ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಹಾಗಿದ್ದರೆ ಘೋಷಣೆಯ ಸುದ್ದಿ ಬಂದಾಗ ಬೆಲೆ ಏರುವುದೇಕೆ ಎಂದು ನೀವು ಕೇಳಬಹುದು. ಇದು ಗಂಭೀರವಾದ ಪ್ರಶ್ನೆ, ಅರ್ಥಶಾಸ್ತ್ರಜ್ಞರು ಇದನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಫಾಮಾ, ಫಿಶರ್, ಜೆನ್ಸೆನ್ ಮತ್ತು ರೋಲ್ ಎಂಬ ನಾಲ್ವರು ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲಿ 1927ರಿಂದ 1959ರವರೆಗೆ ನಡೆದ 940 ಸ್ಪ್ಲಿಟ್‌ಗಳನ್ನು ಪರಿಶೀಲಿಸಿ 1969ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಆ ಷೇರುಗಳು ಅಸಾಧಾರಣವಾಗಿ ಏರಿದ್ದು ಸ್ಪ್ಲಿಟ್‌ಗೆ ಮುಂಚಿನ ತಿಂಗಳುಗಳಲ್ಲಿ. ಸ್ಪ್ಲಿಟ್ ಆದ ನಂತರ, ಸರಾಸರಿಯಾಗಿ ನೋಡಿದರೆ, ವಿಶೇಷ ಲಾಭವೇನೂ ಉಳಿಯಲಿಲ್ಲ. ಆಮೇಲೆ ಲಾಭಾಂಶವನ್ನು ಹೆಚ್ಚಿಸಿದ ಕಂಪನಿಗಳು ಏರಿದ ಬೆಲೆಯನ್ನು ಉಳಿಸಿಕೊಂಡವು, ನಿರೀಕ್ಷೆಗೆ ತಕ್ಕಂತೆ ಲಾಭಾಂಶ ಕೊಡದ ಕಂಪನಿಗಳ ಬೆಲೆ ಹಿಂದಕ್ಕೆ ಸರಿಯಿತು. ಮಾರುಕಟ್ಟೆ ಬೆಲೆ ಕಟ್ಟಿದ್ದು ಷೇರು ಒಡೆದದ್ದಕ್ಕಲ್ಲ, ಆ ಘೋಷಣೆಯ ಹಿಂದೆ ಇರಬಹುದಾದ ಗಳಿಕೆಯ ಭರವಸೆಗೆ.

ಈ ಭರವಸೆ ನಿಜವೇ ಎಂದು ತಿಳಿಯುವ ಅತ್ಯಂತ ನೇರವಾದ ದಾರಿ ಲಾಭಾಂಶವೇ ಎಂದು ನಾನು ನಂಬುತ್ತೇನೆ. ನಮ್ಮ ಉದಾಹರಣೆಯ ಕಂಪನಿ ಪ್ರತಿ ಷೇರಿಗೆ 12 ರೂಪಾಯಿ ಲಾಭಾಂಶ ಕೊಡುತ್ತಿತ್ತು ಎಂದುಕೊಳ್ಳಿ. ಅದಕ್ಕೆ ವರ್ಷಕ್ಕೆ 12 ಕೋಟಿ ಬೇಕು. ಬೋನಸ್ ಆದ ಮೇಲೆ ಪ್ರತಿ ಷೇರಿಗೆ 6 ರೂಪಾಯಿ ಕೊಟ್ಟರೆ ಷೇರುದಾರರಿಗೆ ಏನೂ ಬದಲಾಗಲಿಲ್ಲ. 8 ರೂಪಾಯಿ ಕೊಟ್ಟರೆ 16 ಕೋಟಿ ಹೊರಹೋಗುತ್ತದೆ, ಆಡಳಿತ ಮಂಡಳಿಗೆ ಮುಂದಿನ ಗಳಿಕೆಯ ಬಗ್ಗೆ ವಿಶ್ವಾಸವಿದೆ ಎನ್ನಲು ಅದು ಸುಳಿವು. ಆದರೆ ಲಾಭಾಂಶವನ್ನು ಮುಖಬೆಲೆಯ ಶೇಕಡಾವಾರಿನಲ್ಲಿ ಹೇಳುವ ರೂಢಿ ನಮ್ಮಲ್ಲಿದೆ, ಓದುಗರು ಎಡವುವುದು ಅಲ್ಲಿ. ಶೇ 120 ಎಂದರೆ 10 ರೂಪಾಯಿ ಮುಖಬೆಲೆಗೆ 12 ರೂಪಾಯಿ, 5 ರೂಪಾಯಿ ಮುಖಬೆಲೆಗೆ 6 ರೂಪಾಯಿ. ಶೇಕಡಾವಾರನ್ನು ಬದಿಗಿಟ್ಟು, ರೂಪಾಯಿಯನ್ನು ನಿಮ್ಮ ಒಟ್ಟು ಷೇರುಗಳಿಂದ ಗುಣಿಸಿ ಹಿಂದಿನ ವರ್ಷದ ಮೊತ್ತದೊಂದಿಗೆ ಹೋಲಿಸಿ.

ಬೆಲೆ ಇಳಿದದ್ದರಿಂದ ಕೊಳ್ಳುವವರ ಸಂಖ್ಯೆ ಹೆಚ್ಚಬಹುದು, ಸಣ್ಣ ಮೊತ್ತದಲ್ಲಿ ಕೊಳ್ಳಲು ಮತ್ತು ಭಾಗಶಃ ಮಾರಲು ಸುಲಭವಾಗಬಹುದು. ಷೇರಿನ ಬೆಲೆ ಹತ್ತಾರು ಸಾವಿರ ರೂಪಾಯಿ ಇದ್ದಾಗ ಈ ಅನುಕೂಲ ನಿಜವಾದದ್ದು, ಅದನ್ನು ಅಲ್ಲಗಳೆಯುವುದಿಲ್ಲ. 600 ರೂಪಾಯಿಯ ಷೇರಿನಲ್ಲಿ ಅದಕ್ಕೆ ಹೆಚ್ಚು ತೂಕವಿಲ್ಲ. 300 ರೂಪಾಯಿಯ ಷೇರು 600 ರೂಪಾಯಿಯದಕ್ಕಿಂತ ಅಗ್ಗ ಎಂಬುದಂತೂ ಸುಳ್ಳು ಲೆಕ್ಕ. ಗಳಿಕೆಯ ಇಪ್ಪತ್ತು ಪಟ್ಟು ಕೊಡುವುದು ಎರಡರಲ್ಲೂ ಒಂದೇ.

ಇನ್ನು ಮುಂದೆ ಯಾವ ಪ್ರಕಟಣೆ ಬಂದರೂ ಎರಡೇ ವಿಷಯ ಕೇಳಿಕೊಳ್ಳಿ: ಕಂಪನಿಯ ಒಳಗೆ ಅಥವಾ ಹೊರಗೆ ಹಣ ಚಲಿಸಿತೇ, ಮತ್ತು ನನ್ನ ಪಾಲು ಬದಲಾಯಿತೇ? ಬೋನಸ್ ಮತ್ತು ಸ್ಪ್ಲಿಟ್ ವಿಷಯದಲ್ಲಿ ಈ ಎರಡೂ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂಬುದೇ. ಹಕ್ಕಿನ ಷೇರು ನೀಡಿಕೆಯಲ್ಲಿ ಕಂಪನಿಗೆ ಹಣ ಬರುತ್ತದೆ, ನೀವು ಭಾಗವಹಿಸದಿದ್ದರೆ ನಿಮ್ಮ ಪಾಲು ಕುಗ್ಗುತ್ತದೆ, ಆದ್ದರಿಂದ ಅಲ್ಲಿ ಸುಮ್ಮನಿರುವುದೂ ಒಂದು ನಿರ್ಧಾರವೇ. ಷೇರು ಮರುಖರೀದಿಯಲ್ಲಿ ಹಣ ಹೊರಹೋಗುತ್ತದೆ, ಉಳಿದವರ ಪಾಲು ಹಿಗ್ಗುತ್ತದೆ, ಕಂಪನಿ ಎಷ್ಟು ಬೆಲೆ ಕೊಟ್ಟು ಕೊಂಡಿತು ಎಂಬುದರ ಮೇಲೆ ಲಾಭ ನಷ್ಟ ನಿಲ್ಲುತ್ತದೆ. ಈ ಪ್ರಕಟಣೆಗಳನ್ನು ಓದಲು ನೀವು ಸಮಯ ಕೊಡಬೇಕು. ಬೋನಸ್ ಪ್ರಕಟಣೆಯಲ್ಲಿ ಅನುಪಾತ, ರೆಕಾರ್ಡ್ ಡೇಟ್, ಯಾವ ಮೀಸಲಿನಿಂದ ಎಂಬ ಮೂರು ಸಾಲು ಸಾಕು. 2013ರ ಕಂಪನಿ ಕಾಯ್ದೆಯ 63ನೆಯ ಸೆಕ್ಷನ್ ಪ್ರಕಾರ ಆಸ್ತಿ ಮರುಮೌಲ್ಯಮಾಪನದಿಂದ ಹುಟ್ಟಿದ ಮೀಸಲನ್ನು ಬೋನಸ್‌ಗೆ ಬಳಸುವಂತಿಲ್ಲ, ಲಾಭಾಂಶದ ಬದಲಿಗೂ ಬೋನಸ್ ಕೊಡುವಂತಿಲ್ಲ.

ಸಣ್ಣ ಕಂಪನಿಗಳ ವಿಷಯದಲ್ಲಿ ನನಗೆ ಕಳವಳವಿದೆ. ವಹಿವಾಟಿನಿಂದ ಬರುವ ನಗದು ಲಾಭಕ್ಕೆ ತಕ್ಕಷ್ಟಿಲ್ಲದೆ, ಗ್ರಾಹಕರಿಂದ ಬರಬೇಕಾದ ಬಾಕಿ ಬೆಳೆಯುತ್ತಲೇ ಇದ್ದು, ಕಂಪನಿ ದೊಡ್ಡ ಅನುಪಾತದ ಬೋನಸ್ ಮತ್ತು ಸ್ಪ್ಲಿಟ್ ಒಟ್ಟಿಗೆ ಘೋಷಿಸಿದರೆ ಮೂರು ತಿಂಗಳಿಗೊಮ್ಮೆ ಬರುವ ಷೇರುದಾರಿಕೆಯ ವಿವರವನ್ನು ತಪ್ಪದೆ ತೆರೆದು ನೋಡಿ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕೊಟ್ಟ ಬೋನಸ್‌ನಿಂದ ಪ್ರವರ್ತಕರ ಶೇಕಡಾವಾರು ಪಾಲು ಇಳಿಯುವುದಿಲ್ಲ. ಆ ಸಮಯದಲ್ಲಿ ಅದು ಇಳಿದಿದ್ದು, ಸಾಮಾನ್ಯ ಹೂಡಿಕೆದಾರರ ಸಂಖ್ಯೆ ದಿಢೀರನೆ ಏರಿದ್ದರೆ, ಉತ್ಸಾಹದಲ್ಲಿ ಕೊಂಡವರಿಗೆ ಮಾರಿದವರು ಪ್ರವರ್ತಕರೇ ಆಗಿರಬಹುದು.

ಈಗ ಮಾರುವ ವಿಷಯ. ಬೆಲೆ ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಸ್ಟಾಪ್‌ಲಾಸ್ ಆದೇಶವನ್ನು ನೀವು ಹಿಂದೆಯೇ ಹಾಕಿಟ್ಟಿದ್ದರೆ ಮೊದಲು ಅದನ್ನು ಪರಿಶೀಲಿಸಿ, ಹಳೆಯ ಬೆಲೆಗೆ ಹಾಕಿದ ಆದೇಶ ಹೊಸ ಬೆಲೆಗೆ ಹೊಂದುವುದಿಲ್ಲ. ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದ ಷೇರು ಮೊದಲು ಮಾರಾಟವಾದಂತೆ ಲೆಕ್ಕವಾಗುವುದರಿಂದ, ನೀವು ಈಗ 100 ಷೇರು ಮಾರಿದರೆ ಹೋಗುವುದು 600 ರೂಪಾಯಿಗೆ ಕೊಂಡವು, ಕಾಗದದ ಮೇಲೆ 30,000 ರೂಪಾಯಿ ನಷ್ಟ ಕಾಣುತ್ತದೆ. ಉಳಿಯುವ 100 ಬೋನಸ್ ಷೇರುಗಳ ಖರೀದಿ ಬೆಲೆಯನ್ನು ತೆರಿಗೆ ಲೆಕ್ಕದಲ್ಲಿ ಸಾಮಾನ್ಯವಾಗಿ ಸೊನ್ನೆ ಎಂದು ಹಿಡಿಯಲಾಗುತ್ತದೆ. ಆ ನಷ್ಟವನ್ನು ಬೇರೆ ಲಾಭದಿಂದ ಕಳೆದು ತೆರಿಗೆ ಇಳಿಸಿಕೊಳ್ಳಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರೆಕಾರ್ಡ್ ಡೇಟ್‌ಗೆ ಮುಂಚಿನ ಮೂರು ತಿಂಗಳೊಳಗೆ ಕೊಂಡು, ಬೋನಸ್ ಷೇರುಗಳನ್ನು ಇಟ್ಟುಕೊಂಡು, ಮೂಲ ಷೇರುಗಳನ್ನು ಒಂಬತ್ತು ತಿಂಗಳೊಳಗೆ ಮಾರಿದರೆ ಆ ನಷ್ಟವನ್ನು ಆದಾಯ ತೆರಿಗೆ ಕಾನೂನು ಪರಿಗಣಿಸುವುದಿಲ್ಲ, ಅದು ನಿಮ್ಮಲ್ಲಿ ಉಳಿದ ಬೋನಸ್ ಷೇರುಗಳ ಖರೀದಿ ಬೆಲೆಯಾಗುತ್ತದೆ. 2023ರ ಏಪ್ರಿಲ್‌ನಿಂದ ಈ ನಿಯಮ ಷೇರುಗಳಿಗೂ ಅನ್ವಯಿಸುತ್ತಿದೆ. ಕಳೆದ ತಿಂಗಳು ಕೊಂಡಿರುವ ನೀವು ನೇರವಾಗಿ ಇದರ ವ್ಯಾಪ್ತಿಗೆ ಬರುತ್ತೀರಿ. ಆದ್ದರಿಂದ ಆ್ಯಪ್‌ನಲ್ಲಿ ಕಾಣುವ ಕೆಂಪು ಅಂಕಿಯನ್ನು ಬಿಟ್ಟು, ಈ ಕಂಪನಿಯ ಇಂದಿನ ಗಳಿಕೆಗೆ 300 ರೂಪಾಯಿ ಕೊಟ್ಟು ಹೊಸದಾಗಿ ಕೊಳ್ಳುತ್ತಿದ್ದಿರಾ ಎಂದು ಯೋಚಿಸಿ, ಇಲ್ಲವೆಂದಾದರೆ ಮಾತ್ರ ಮಾರಿ.