ಟ್ರೈಗ್ಲಿಸರೈಡ್ ಏರಿದಾಗ ವರದಿಯ ಯಾವ ಎಲ್‌ಡಿಎಲ್ ನಂಬಬೇಕು?

ಪ್ರಶ್ನೆ: ಡಾಕ್ಟರೇ, ನಮ್ಮ ಯಜಮಾನರಿಗೆ 54 ವರ್ಷ, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಕೊಲೆಸ್ಟ್ರಾಲಿಗೆ ರಾತ್ರಿ ಒಂದು ಮಾತ್ರೆ ತಗೊಳ್ತಾರೆ. ಈ ಸಲದ ರಿಪೋರ್ಟಿನಲ್ಲಿ ಒಟ್ಟು ಕೊಲೆಸ್ಟ್ರಾಲ್ 228, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 640, ವಿಎಲ್‌ಡಿಎಲ್ 128, ಎಲ್‌ಡಿಎಲ್ 66 ಅಂತ ಬಂತು. ನಮ್ಮ ಡಾಕ್ಟರು ಒಪ್ಪದೆ ಅದೇ ರಕ್ತದಲ್ಲಿ ಡೈರೆಕ್ಟ್ ಎಲ್‌ಡಿಎಲ್ ಮಾಡಿಸಿದರು, ಅದು 97 ಬಂತು. ಒಂದೇ ರಕ್ತಕ್ಕೆ ಎರಡು ಉತ್ತರ ಹೇಗೆ? 66 ಚೆನ್ನಾಗೇ ಇದೆ, ಮಾತ್ರೆ ಅರ್ಧ ಮಾಡಿದರಾಯ್ತು ಅಂತ ಮೈದುನ ಹೇಳ್ತಿದ್ದಾರೆ. ಮಾಡಬಹುದಾ?
— ಓದುಗರೊಬ್ಬರು, ನಿಗಡಿ, ಪುಣೆ

ಉತ್ತರ: ದಯವಿಟ್ಟು ಮಾತ್ರೆ ಅರ್ಧ ಮಾಡಬೇಡಿ. ಈ ವರದಿಯ ಅಷ್ಟೂ ಅಂಕಿಗಳಲ್ಲಿ ಅತಿ ಕಡಿಮೆ ನಂಬಬಹುದಾದದ್ದು ಆ 66. ನಿಮ್ಮ ಡಾಕ್ಟರು ಅದನ್ನು ಒಪ್ಪದಿದ್ದದ್ದು ಸರಿಯಾಗಿಯೇ ಇದೆ.

ಆ 66 ಎಲ್ಲಿಂದ ಬಂತೆಂಬುದನ್ನು ನೀವೇ ಪತ್ತೆ ಮಾಡಬಹುದು. ವರದಿಯಲ್ಲಿರುವ ವಿಎಲ್‌ಡಿಎಲ್ ಅಂಕಿಯನ್ನು ಐದರಿಂದ ಗುಣಿಸಿ ನೋಡಿ. 128ರ ಐದು ಪಟ್ಟು ಸರಿಯಾಗಿ 640, ಅಂದರೆ ನಿಮ್ಮ ಟ್ರೈಗ್ಲಿಸರೈಡ್. ಹೀಗೆ ಲೆಕ್ಕ ಕೂಡಿಕೊಂಡರೆ, ಪ್ರಯೋಗಾಲಯವು ವಿಎಲ್‌ಡಿಎಲ್ಲನ್ನಾಗಲಿ ಎಲ್‌ಡಿಎಲ್ಲನ್ನಾಗಲಿ ಅಳೆದಿಲ್ಲ, ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್ ಈ ಮೂರನ್ನು ಮಾತ್ರ ಅಳೆದು ಉಳಿದ ಎರಡನ್ನು ಈ ಸೂತ್ರದಿಂದ ಬರೆದಿದೆ ಎಂದು ತಿಳಿಯಬಹುದು:

```
LDL = TC - HDL - TG/5
66  = 228 - 34 - 128
```

ಇದು ಫ್ರೀಡ್‌ವಾಲ್ಡ್ ಮತ್ತು ಅವರ ಸಹೋದ್ಯೋಗಿಗಳು 1972ರಲ್ಲಿ ಪ್ರಕಟಿಸಿದ ಸೂತ್ರ. ಎಲ್‌ಡಿಎಲ್ಲನ್ನು ಬೇರ್ಪಡಿಸಿ ಅಳೆಯಲು ಆಗ ಅತಿವೇಗದ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ರಕ್ತದ ಮಾದರಿಯನ್ನು ಗಂಟೆಗಟ್ಟಲೆ ತಿರುಗಿಸಬೇಕಾಗಿತ್ತು. ಆ ಶ್ರಮವಿಲ್ಲದೆ ಸಾಧಾರಣ ಪ್ರಯೋಗಾಲಯದಲ್ಲಿಯೂ ಎಲ್‌ಡಿಎಲ್ ಅಂದಾಜು ಸಿಗಲಿ ಎಂಬುದು ಅವರ ಉದ್ದೇಶವಾಗಿತ್ತು. ಉಪವಾಸದ ರಕ್ತದಲ್ಲಿ ಟ್ರೈಗ್ಲಿಸರೈಡಿನ ಬಹುಪಾಲು ವಿಎಲ್‌ಡಿಎಲ್ ಕಣಗಳಲ್ಲಿರುತ್ತದೆ, ಮತ್ತು ಆ ಕಣಗಳಲ್ಲಿ ಸುಮಾರು ಐದು ಪಾಲು ಟ್ರೈಗ್ಲಿಸರೈಡಿಗೆ ಒಂದು ಪಾಲು ಕೊಲೆಸ್ಟ್ರಾಲ್ ಇರುತ್ತದೆ ಎಂಬುದನ್ನು ಆಧಾರವಾಗಿಟ್ಟುಕೊಂಡು ಅವರು ಐದರಿಂದ ಭಾಗಿಸಿದರು. ಟ್ರೈಗ್ಲಿಸರೈಡ್ 400 ಮಿಲಿಗ್ರಾಂ ದಾಟಿದರೆ ಈ ಲೆಕ್ಕ ಸಲ್ಲದು ಎಂದು ಅದೇ ಲೇಖನದಲ್ಲಿ ಅವರೇ ಎಚ್ಚರಿಸಿದ್ದಾರೆ. ಆದ್ದರಿಂದ ಅನೇಕ ಪ್ರಯೋಗಾಲಯಗಳು 400ರ ಮೇಲೆ ಎಲ್‌ಡಿಎಲ್ ಜಾಗವನ್ನು ಖಾಲಿ ಬಿಡುತ್ತವೆ. ನಿಮ್ಮ ವರದಿಯನ್ನು ತಯಾರಿಸಿದ ಕಂಪ್ಯೂಟರಿಗೆ ಆ ಮಿತಿಯನ್ನು ಹಾಕಿರಲಿಲ್ಲವೆಂದು ಕಾಣುತ್ತದೆ.

400ರ ಮೇಲೆ ಏನು ಕೆಡುತ್ತದೆ? ಕೆಡುವುದು ಆ ಐದು ಎಂಬ ಭಾಜಕ. ಯಕೃತ್ತು ಅಗತ್ಯಕ್ಕಿಂತ ಹೆಚ್ಚು ಟ್ರೈಗ್ಲಿಸರೈಡನ್ನು ರಕ್ತಕ್ಕೆ ಬಿಡತೊಡಗಿದಾಗ, ಅದು ಕಣಗಳ ಸಂಖ್ಯೆಯನ್ನು ಮಾತ್ರ ಹೆಚ್ಚಿಸುವುದಿಲ್ಲ, ಒಂದೊಂದು ಕಣದೊಳಗೂ ಹೆಚ್ಚು ಕೊಬ್ಬನ್ನು ತುಂಬುತ್ತದೆ. ಕಣ ಉಬ್ಬುತ್ತದೆ, ಆದರೆ ಅದರೊಳಗಿನ ಕೊಲೆಸ್ಟ್ರಾಲ್ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಊಟದ ಕೊಬ್ಬನ್ನು ಹೊತ್ತು ತರುವ ಕೈಲೊಮೈಕ್ರಾನ್‌ಗಳೂ ರಕ್ತದಲ್ಲಿ ಉಳಿದುಬಿಟ್ಟರೆ ಅವುಗಳಲ್ಲಿ ಕೊಲೆಸ್ಟ್ರಾಲಿನ ಪಾಲು ಇನ್ನೂ ಕಡಿಮೆ. ಹೀಗಾಗಿ ಐದಕ್ಕೊಂದು ಇದ್ದದ್ದು ಆರಕ್ಕೊಂದು, ಏಳಕ್ಕೊಂದು ಅಥವಾ ಅದಕ್ಕೂ ಹೆಚ್ಚಾಗುತ್ತದೆ. ಸೂತ್ರ ಮಾತ್ರ ಐದರಿಂದಲೇ ಭಾಗಿಸುತ್ತಿರುತ್ತದೆ; ವಿಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಇರುವುದಕ್ಕಿಂತ ಹೆಚ್ಚು ಎಂದುಕೊಂಡು ಕಳೆಯುತ್ತದೆ, ಕೊನೆಗೆ ಉಳಿಯುವ ಎಲ್‌ಡಿಎಲ್ ಸುಳ್ಳಾಗಿ ಇಳಿಯುತ್ತದೆ.

ನಿಮ್ಮ ಯಜಮಾನರ ಅಂಕಿಗಳಲ್ಲಿಯೇ ಇದನ್ನು ನೋಡೋಣ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದರೆ 194 ಉಳಿಯುತ್ತದೆ. ಅದರಿಂದ 640ರ ಐದನೇ ಒಂದು ಭಾಗ ತೆಗೆದರೆ 66, ಆರನೇ ಒಂದು ಭಾಗ ತೆಗೆದರೆ 87, ಏಳನೇ ಒಂದು ಭಾಗ ತೆಗೆದರೆ ಸುಮಾರು 103. ಭಾಜಕವನ್ನು ಐದರಿಂದ ಏಳಕ್ಕೆ ಸರಿಸಿದ ಮಾತ್ರಕ್ಕೆ ಎಲ್‌ಡಿಎಲ್ 37 ಮಿಲಿಗ್ರಾಂ ಏರಿತು. ಅದೇ ಟ್ರೈಗ್ಲಿಸರೈಡ್ 150 ಇರುವವರಲ್ಲಿ ಐದನೇ ಭಾಗ 30, ಏಳನೇ ಭಾಗ 21. ವ್ಯತ್ಯಾಸ ಬರೀ ಒಂಬತ್ತು. ಸೂತ್ರ ಸಾಧಾರಣ ವರದಿಗಳಲ್ಲಿ ಐವತ್ತು ವರ್ಷ ಚೆನ್ನಾಗಿ ನಡೆದು ಬಂದದ್ದೂ, ಇಂಥ ವರದಿಯಲ್ಲಿ ಕೈಕೊಡುವುದೂ ಇದೇ ಕಾರಣಕ್ಕೆ. ಟ್ರೈಗ್ಲಿಸರೈಡ್ 1200, ಒಟ್ಟು ಕೊಲೆಸ್ಟ್ರಾಲ್ 230, ಎಚ್‌ಡಿಎಲ್ 28 ಇರುವ ವ್ಯಕ್ತಿಗೆ ಈ ಲೆಕ್ಕ ಹಾಕಿದರೆ ಎಲ್‌ಡಿಎಲ್ ಸೊನ್ನೆಗಿಂತ 38 ಕೆಳಗೆ ಹೋಗುತ್ತದೆ. ಅಂಥ ಅಂಕಿಯನ್ನು ಯಾರೂ ನಂಬುವುದಿಲ್ಲ. ನನಗೆ ಹೆಚ್ಚು ಆತಂಕವಾಗುವುದು ನಿಮ್ಮದರಂಥ 66ನ್ನು ಕಂಡಾಗ, ಏಕೆಂದರೆ ಅದು ತಪ್ಪೆಂದು ನೋಟಕ್ಕೆ ತಿಳಿಯುವುದಿಲ್ಲ, ಒಳ್ಳೆಯ ಸುದ್ದಿಯಂತೆ ಕಾಣುತ್ತದೆ.

ಈಚಿನ ಸೂತ್ರಗಳು ಈ ದೋಷವನ್ನು ಬಹುಮಟ್ಟಿಗೆ ತಿದ್ದಿವೆ. 2013ರಲ್ಲಿ ಬಂದ ಮಾರ್ಟಿನ್-ಹಾಪ್ಕಿನ್ಸ್ ವಿಧಾನ ಒಂದೇ ಭಾಜಕವನ್ನು ಎಲ್ಲರಿಗೂ ಹಚ್ಚದೆ ಪ್ರತಿಯೊಬ್ಬರ ಅಂಕಿಗಳಿಗೆ ತಕ್ಕ ಭಾಜಕವನ್ನು ಕೋಷ್ಟಕದಿಂದ ಆರಿಸುತ್ತದೆ. 2020ರಲ್ಲಿ ಸ್ಯಾಂಪ್ಸನ್ ಮತ್ತು ಸಂಗಡಿಗರು ಕೊಟ್ಟ ಸೂತ್ರವನ್ನು ಟ್ರೈಗ್ಲಿಸರೈಡ್ 800ರವರೆಗೆ ಬಳಸಬಹುದು. ನಿಮ್ಮ ಅಂಕಿಗಳನ್ನು ಅದಕ್ಕೆ ಹಾಕಿ ನೋಡಿದೆ, 89 ಬಂತು.

ಇನ್ನು ಡೈರೆಕ್ಟ್ ಎಲ್‌ಡಿಎಲ್. ಹೆಸರು ಕೇಳಿದವರಿಗೆ ಇದು ತಕ್ಕಡಿಯಲ್ಲಿ ತೂಗಿದಷ್ಟು ನಿಖರ ಎನ್ನಿಸುವುದು ಸಹಜ. ಪರೀಕ್ಷೆಯ ಕೊಳವೆಯಲ್ಲಿ ನಡೆಯುವುದು ಹೀಗೆ: ಮೊದಲ ರಾಸಾಯನಿಕ ದ್ರಾವಣವು ಎಲ್‌ಡಿಎಲ್ ಅಲ್ಲದ ಕಣಗಳ ಕೊಲೆಸ್ಟ್ರಾಲನ್ನು ಮುಗಿಸಿಬಿಡುತ್ತದೆ ಅಥವಾ ಪ್ರತಿಕ್ರಿಯೆಗೆ ಸಿಗದಂತೆ ತಡೆಯುತ್ತದೆ, ಎರಡನೆಯ ದ್ರಾವಣವು ಎಲ್‌ಡಿಎಲ್ ಕಣಗಳನ್ನು ಬಿಡಿಸಿ ಅವುಗಳ ಕೊಲೆಸ್ಟ್ರಾಲಿನಿಂದ ಬಣ್ಣ ಹುಟ್ಟಿಸುತ್ತದೆ, ಯಂತ್ರ ಆ ಬಣ್ಣವನ್ನು ಅಳೆಯುತ್ತದೆ. ಟ್ರೈಗ್ಲಿಸರೈಡಿನ ಮೇಲೆ ನಿಂತ ಊಹೆ ಇಲ್ಲಿಲ್ಲ, ಆದ್ದರಿಂದ ನಿಮ್ಮ ಯಜಮಾನರಂಥವರಲ್ಲಿ ಇದು ಹಳೆಯ ಸೂತ್ರಕ್ಕಿಂತ ಮೇಲು. ಆದರೆ ಈ ವಿಧಾನದ ಬಲವೆಲ್ಲ ಮೊದಲ ದ್ರಾವಣ ಕಣಗಳನ್ನು ಎಷ್ಟು ಸರಿಯಾಗಿ ಗುರುತಿಸುತ್ತದೆ ಎಂಬುದರಲ್ಲಿದೆ. ಟ್ರೈಗ್ಲಿಸರೈಡ್ ತುಂಬಾ ಏರಿದ ರಕ್ತದಲ್ಲಿ ಉಬ್ಬಿದ ವಿಎಲ್‌ಡಿಎಲ್, ಅದರ ಅರೆ ಕರಗಿದ ಅವಶೇಷಗಳು, ಮಾಮೂಲಿಗಿಂತ ಸಣ್ಣ ಎಲ್‌ಡಿಎಲ್ ಎಲ್ಲವೂ ಕಲೆತಿರುತ್ತವೆ. ಕೆಲವು ಅವಶೇಷಗಳು ಎಲ್‌ಡಿಎಲ್ ಲೆಕ್ಕಕ್ಕೆ ಸೇರಿಬಿಡಬಹುದು, ಒಂದಿಷ್ಟು ಎಲ್‌ಡಿಎಲ್ ಲೆಕ್ಕದಿಂದ ತಪ್ಪಿಹೋಗಲೂಬಹುದು. ಬೇರೆ ಬೇರೆ ಕಂಪನಿಗಳ ದ್ರಾವಣಗಳ ರಾಸಾಯನಿಕ ಕ್ರಮ ಬೇರೆಯಾದ್ದರಿಂದ ಇಂಥ ರಕ್ತದಲ್ಲಿ ಅವು ಒಂದೇ ಉತ್ತರ ಕೊಡುವುದಿಲ್ಲ. ಹಾಗಾಗಿ ನಾನು ಆ 97ನ್ನು ಸುಮಾರು 90ರಿಂದ 100ರ ಆಸುಪಾಸು ಎಂದು ಓದುತ್ತೇನೆ, ಅದಕ್ಕಿಂತ ಹೆಚ್ಚಿನ ನಿಖರತೆಯನ್ನು ಅದರಿಂದ ಬಯಸುವುದಿಲ್ಲ. ಹೊಸ ಸೂತ್ರದ 89 ಅದರ ಹತ್ತಿರವೇ ಬಂದಿರುವುದು ನನ್ನ ಈ ಓದಿಗೆ ಇಂಬು ಕೊಡುತ್ತದೆ.

ಇಂಥ ರಕ್ತ ಕಣ್ಣಿಗೇ ಬೇರೆಯಾಗಿ ಕಾಣುತ್ತದೆ ಎಂಬುದನ್ನೂ ಹೇಳಬೇಕು. ಸೀರಂ ಸಾಮಾನ್ಯವಾಗಿ ತಿಳಿ ಹಳದಿಯಾಗಿದ್ದು, ಕೊಳವೆಯ ಹಿಂದೆ ಹಿಡಿದ ಅಕ್ಷರವನ್ನು ಓದಬಹುದು. ಟ್ರೈಗ್ಲಿಸರೈಡ್ ಏರಿದಂತೆ ಅದು ಮಬ್ಬಾಗುತ್ತದೆ, ಇನ್ನೂ ಏರಿದರೆ ಹಾಲು ಬೆರೆಸಿದಂತಾಗುತ್ತದೆ. ಅನುಮಾನ ಬಂದ ಕೊಳವೆಯನ್ನು ರಾತ್ರಿ ಫ್ರಿಜ್ಜಿನಲ್ಲಿ ಅಲುಗಾಡಿಸದೆ ನಿಲ್ಲಿಸಿ ಬೆಳಗ್ಗೆ ನೋಡುವುದು ಹಳೆಯ ಪದ್ಧತಿ, ನಾನು ಈಗಲೂ ಮಾಡುತ್ತೇನೆ. ಮೇಲೆ ಕೆನೆ ಕಟ್ಟಿ ಕೆಳಗೆ ತಿಳಿಯಾಗಿದ್ದರೆ ಅದು ಕೈಲೊಮೈಕ್ರಾನ್. ಕೆನೆಯಿಲ್ಲದೆ ಇಡೀ ಕೊಳವೆ ಮಬ್ಬಾಗಿಯೇ ಉಳಿದರೆ ಅದು ವಿಎಲ್‌ಡಿಎಲ್. ಎರಡೂ ಇದ್ದರೆ ಎರಡೂ. ಕೆನೆ ಕಟ್ಟಿದ್ದರೆ ನಾನು ಮೊದಲು ವಿಚಾರಿಸುವುದು ಹಿಂದಿನ ರಾತ್ರಿಯ ಊಟವನ್ನು. ಗಣಪತಿ ಹಬ್ಬದ ವಾರದಲ್ಲಿ ತಡರಾತ್ರಿ ಮೋದಕ, ಶ್ರೀಖಂಡ ಪೂರಿ ಉಂಡು ಬೆಳಗ್ಗೆ ಏಳಕ್ಕೆ ರಕ್ತ ಕೊಟ್ಟವರ ಉಪವಾಸ ಎಂಟು ತಾಸೂ ಆಗಿರುವುದಿಲ್ಲ. ಸಾಧಾರಣ ಕೊಲೆಸ್ಟ್ರಾಲ್ ಪರೀಕ್ಷೆಗೆ ಈಗ ಉಪವಾಸ ಕಡ್ಡಾಯವಲ್ಲವಾದರೂ, ಟ್ರೈಗ್ಲಿಸರೈಡ್ 400 ದಾಟಿದಾಗ ನೀರು ಮಾತ್ರ ಕುಡಿದು ಹನ್ನೆರಡು ತಾಸು ಉಪವಾಸವಿದ್ದು ಮತ್ತೊಮ್ಮೆ ಮಾಡಿಸಬೇಕು. ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಆ ಬೆಳಗಿನ ಡೋಸಿನ ಬಗ್ಗೆ ಮೊದಲೇ ತಮ್ಮ ಡಾಕ್ಟರನ್ನು ಕೇಳಿಕೊಂಡಿರಬೇಕು.

66, 89, 97 ಇವುಗಳಲ್ಲಿ ಯಾವುದೆಂದು ತೀರ್ಮಾನಿಸದೆಯೂ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮೇಲೆ ಕಳೆದು ಪಡೆದ 194ಕ್ಕೆ ನಾನ್-ಎಚ್‌ಡಿಎಲ್ ಕೊಲೆಸ್ಟ್ರಾಲ್ ಎನ್ನುತ್ತಾರೆ. ರಕ್ತನಾಳದ ಗೋಡೆಗೆ ಇಳಿದು ಕೆಡಿಸಬಲ್ಲ ಎಲ್‌ಡಿಎಲ್, ವಿಎಲ್‌ಡಿಎಲ್, ಅವಶೇಷಗಳು ಎಲ್ಲದರ ಕೊಲೆಸ್ಟ್ರಾಲೂ ಅದರಲ್ಲಿ ಸೇರಿದೆ. ಅದಕ್ಕೆ ಐದರ ಭಾಗಾಕಾರವೂ ಬೇಡ, ಉಪವಾಸವೂ ಬೇಡ, ಹೆಚ್ಚಿನ ಖರ್ಚೂ ಇಲ್ಲ. ಇದರ ಗುರಿ ಎಲ್‌ಡಿಎಲ್ ಗುರಿಗಿಂತ 30 ಹೆಚ್ಚು. ನಿಮ್ಮ ಯಜಮಾನರಿಗೆ ಡಾಕ್ಟರು ಎಲ್‌ಡಿಎಲ್ 70ರ ಒಳಗಿರಬೇಕು ಎಂದಿದ್ದರೆ ನಾನ್-ಎಚ್‌ಡಿಎಲ್ 100ರ ಒಳಗಿರಬೇಕು, ಇರುವುದು 194. ಮೈದುನರಿಗೆ ಈ ಒಂದು ಅಂಕಿ ತೋರಿಸಿದರೆ ಸಾಕು. ಇನ್ನೂ ಖಚಿತವಾಗಬೇಕಿದ್ದರೆ ಅಪೊಬಿ ಎಂಬ ಪರೀಕ್ಷೆಯಿದೆ. ಇಂಥ ಪ್ರತಿ ಕಣದಲ್ಲಿಯೂ ಆ ಪ್ರೋಟೀನಿನ ಒಂದೇ ಒಂದು ಅಣು ಇರುವುದರಿಂದ, ಅದನ್ನು ಅಳೆದರೆ ಕಣಗಳನ್ನೇ ಎಣಿಸಿದಂತೆ.

ಈಗ ಡಾಕ್ಟರೊಂದಿಗೆ ಮೊದಲು ಮಾತಾಡಬೇಕಾದದ್ದು 640ರ ಬಗ್ಗೆ. ಟ್ರೈಗ್ಲಿಸರೈಡ್ 500 ದಾಟಿದ ಮೇಲೆ ಮೇದೋಜೀರಕ ಗ್ರಂಥಿ ಉರಿಯೂತದ ಭಯ ಶುರುವಾಗುತ್ತದೆ, 1000 ದಾಟಿದರೆ ಅದು ಬಹಳ ಹೆಚ್ಚು. ಸಕ್ಕರೆ ಹತೋಟಿ ತಪ್ಪಿರುವುದು, ಮದ್ಯ, ಥೈರಾಯ್ಡ್ ಕೊರತೆ, ಮೂತ್ರಪಿಂಡದ ತೊಂದರೆ, ಸ್ಟೆರಾಯ್ಡ್‌ನಂಥ ಔಷಧಿ ಇವುಗಳಲ್ಲಿ ಯಾವುದು ಕಾರಣವೆಂದು ನೋಡಬೇಕು. ಎಂಟು ವರ್ಷದ ಸಕ್ಕರೆ ಕಾಯಿಲೆಯವರಲ್ಲಿ ನಾನು ಮೊದಲು ಕೇಳುವುದು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ. ಮೇಲುಹೊಟ್ಟೆಯಲ್ಲಿ ತೀವ್ರ ನೋವು ಎದ್ದು ಬೆನ್ನಿಗೆ ಹರಿದರೆ, ವಾಂತಿಯಾದರೆ, ಮುಂದಿನ ವರದಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಮುಂದಿನ ಪರೀಕ್ಷೆಯನ್ನು ಅದೇ ಪ್ರಯೋಗಾಲಯದಲ್ಲಿ, ಅದೇ ವಿಧಾನದಲ್ಲಿ ಮಾಡಿಸಿ. ಈ ಸಲ ಡೈರೆಕ್ಟ್, ಮುಂದಿನ ಸಲ ಲೆಕ್ಕದ್ದು ಎಂದಾದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಚಿಕಿತ್ಸೆಯಿಂದ ಟ್ರೈಗ್ಲಿಸರೈಡ್ 640ರಿಂದ 250ಕ್ಕೆ ಇಳಿದಾಗ ಎಲ್‌ಡಿಎಲ್ ಅಂಕಿ 66ಕ್ಕಿಂತ ಮೇಲೆ ಹೋಗಿರುವುದು ಕಂಡರೆ ಗಾಬರಿಯಾಗಬೇಡಿ. ಒಂದಿಷ್ಟು ಏರಿಕೆ ನಿಜವಾದದ್ದು, ಏಕೆಂದರೆ ವಿಎಲ್‌ಡಿಎಲ್ ಕರಗುತ್ತ ಕೊನೆಗೆ ಎಲ್‌ಡಿಎಲ್ ಆಗುತ್ತದೆ. ಉಳಿದದ್ದು ಸೂತ್ರ ಮರಳಿ ತನ್ನ ಮಿತಿಯೊಳಗೆ ಬಂದು ಸರಿಯಾದ ಅಂಕಿ ಕೊಡತೊಡಗಿದ್ದರ ಫಲ. ಆಗಲೂ 194 ಎಷ್ಟಕ್ಕೆ ಇಳಿದಿದೆ ಎಂಬುದನ್ನು ಮೊದಲು ನೋಡಿ.