ಡ್ರೈವರ್ ಓಡಿಸುವ ಕಾರು: ಹಿಂದಿನ ಸೀಟಿನಲ್ಲಿ ತೊಡೆ ನೋವು, ಕುಲುಕಾಟ

"ಅಪ್ಪನಿಗೆ 70, ಮಂಡಿ ನೋವು. ಡ್ರೈವರ್ ಜೊತೆ ಕಲಬುರಗಿ–ಬೀದರ್ ಓಡಾಟ. ನೋಡಿದ ಸೆಡಾನ್‌ನಲ್ಲಿ ಕಾಲಿಗೆ ಜಾಗ ಬೇಕಾದಷ್ಟಿದೆ, ಆದರೂ ತೊಡೆ ನೋಯುತ್ತೆ, ಹೊಂಡದಲ್ಲಿ ಕುಲುಕುತ್ತೆ. ಎಸ್‌ಯುವಿ ನೋಡಲಾ?"

ಆ ಕಾರಿನ ಹಿಂದಿನ ಸೀಟು ತಗ್ಗಾಗಿದೆ ಅನಿಸುತ್ತದೆ. ಆಗ ಮಂಡಿ ಮೇಲೇಳುತ್ತದೆ, ತೊಡೆಗೆ ಆಧಾರ ಸಿಗುವುದಿಲ್ಲ, ಭಾರವೆಲ್ಲ ಸೊಂಟಕ್ಕೆ ಬೀಳುತ್ತದೆ. ಕಾಲಿಗೆ ಎಷ್ಟು ಜಾಗವಿದ್ದರೂ ಇದು ಸರಿಹೋಗುವುದಿಲ್ಲ.

ಅಪ್ಪನನ್ನೇ ಕರೆದುಕೊಂಡು ಹೋಗಿ ಎಡಗಡೆ ಹಿಂದೆ ಕೂರಿಸಿ. ಮುಂದಿನ ಎಡ ಸೀಟು ಖಾಲಿ ಇರುತ್ತೆ ಅಲ್ವಾ, ಅದನ್ನು ಮುಂದಕ್ಕೆ ಸರಿಸಿದರೆ ಜಾಗದ ಚಿಂತೆ ಮುಗಿಯಿತು. ಪಾದ ಪೂರ್ತಿ ನೆಲಕ್ಕೆ ಊರಿರಲಿ. ಈಗ ಮಂಡಿಯ ಹಿಂದೆ, ತೊಡೆಯ ಕೆಳಗೆ ಅಂಗೈ ತೂರಿಸಿ. ಸಲೀಸಾಗಿ ಒಳಗೆ ಹೋದರೆ ಆ ಕಾರು ಬೇಡ. ಇಳಿಯುವಾಗ ಕೈಯೂರಿ ಏಳಬೇಕಾದರೂ ಬೇಡ.

ಕುಲುಕಾಟಕ್ಕೆ ಟೈರ್ ಕಾರಣವೋ ಸಸ್ಪೆನ್ಷನ್ನೋ, ಕೂತು ನೋಡದೆ ಹೇಳಲಾರೆ. ಮೊದಲು ಗಾಳಿ ನೋಡಿ. ಡ್ರೈವರ್ ಬಾಗಿಲ ಕಂಬದ ಚೀಟಿಯಲ್ಲಿ ಬರೆದಷ್ಟೇ ಇರಲಿ, ಟೆಸ್ಟ್ ಕಾರಿನಲ್ಲಿ ಜಾಸ್ತಿ ಇರಬಹುದು. ಆಮೇಲೆ ಅದೇ ಕಾರಿನ ಕೆಳಗಿನ ವೇರಿಯಂಟ್ ಕೇಳಿ. ಟಾಪ್ ಮಾಡೆಲ್‌ಗೆ 17 ಇಂಚಿನ ಚಕ್ರವಿದ್ದು ಇದಕ್ಕೆ 16 ಇದ್ದರೆ, ಟೈರಿನ ಪಕ್ಕದ ರಬ್ಬರ್ ಎತ್ತರವಾಗಿರುತ್ತದೆ, ಹೊಂಡದ ಏಟು ಸ್ವಲ್ಪ ಮೆತ್ತಗಾಗುತ್ತದೆ.

ಎಸ್‌ಯುವಿ ಆದರೆ ಹತ್ತಿ ಇಳಿಯುವುದು ಸುಲಭ, ನಿಜ. ಆದರೆ ಲಾರಿಯ ಹಾಗೆ ಚಾಸಿ ಮೇಲೆ ಬಾಡಿ ಕೂರಿಸಿದ ಗಾಡಿಗಳು ಹದಗೆಟ್ಟ ರಸ್ತೆಯಲ್ಲಿ ಹಿಂದೆ ಕೂತವರನ್ನು ಇನ್ನೂ ಜಾಸ್ತಿ ಅಲುಗಾಡಿಸಬಹುದು. ಹುಮನಾಬಾದ್ ಕಡೆ ಹೆದ್ದಾರಿಯಲ್ಲಷ್ಟೇ ಓಡಿಸಿ ನೋಡಿದರೆ ಸಾಲದು. ಊರೊಳಗಿನ ಕೆಟ್ಟ ರಸ್ತೆಗೆ ಒಯ್ದು, ನಿಮ್ಮ ಡ್ರೈವರ್‌ಗೇ ಓಡಿಸಲು ಹೇಳಿ, ನೀವು ಹಿಂದೆ ಕೂತು ನೋಡಿ.