ಕ್ಷಮಾಪಣೆಯಾಗಿಬಿಟ್ಟಿದ್ದ ರಾಜೀನಾಮೆ ಪತ್ರ

ಸುಮಾ ತೀರ್ಥಹಳ್ಳಿ ಕಡೆಯವರು (ಹೆಸರು, ಗುರುತಿನ ವಿವರಗಳನ್ನು ಬದಲಿಸಿದ್ದೇನೆ). ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ 3 ವರ್ಷ ಸ್ಟಾಫ್ ನರ್ಸ್ ಆಗಿದ್ದರು. ಮಂಗಳೂರಿನಲ್ಲಿ ಎಂ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತ್ತು, ಮಕ್ಕಳ ಶುಶ್ರೂಷೆಯ ವಿಭಾಗದಲ್ಲೇ. ಆದರೂ ರಾತ್ರಿ ನಿದ್ದೆ ಬರುವುದಿಲ್ಲ, ಡ್ಯೂಟಿಗೆ ಹೋಗುವಾಗ ಎದೆ ಭಾರವಾಗುತ್ತದೆ ಎಂದು ಹೇಳಿಕೊಂಡು ನನ್ನ ಬಳಿ ಬಂದರು. ಬರೆದಿಟ್ಟ ರಾಜೀನಾಮೆ ಪತ್ರ ಬ್ಯಾಗಿನಲ್ಲೇ ಉಳಿದಿತ್ತು.

ಓದಿ ನೋಡಿದೆ. ಒಂದೂವರೆ ಪುಟದ ಪತ್ರ. ‘ಮಳೆಗಾಲದಲ್ಲಿ ವಾರ್ಡು ತುಂಬಿರುವಾಗ ಬಿಟ್ಟು ಹೋಗುತ್ತಿರುವುದಕ್ಕೆ ಕ್ಷಮೆಯಿರಲಿ’, ‘ನನ್ನನ್ನು ತಪ್ಪು ತಿಳಿಯಬೇಡಿ’, ‘ತಾವು ಒಪ್ಪಿದರೆ ಹೋಗಬೇಕೆಂದಿದ್ದೇನೆ’. ಯಾವ ದಿನ ಕೆಲಸ ಬಿಡುತ್ತಾರೆ ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

ಕಷ್ಟ ಇದ್ದದ್ದು ಇಲ್ಲೇ. ‘ತಾವು ಒಪ್ಪಿದರೆ’ ಎಂದು ಬರೆದರೆ ಅದು ರಾಜೀನಾಮೆಯಲ್ಲ, ಅನುಮತಿ ಕೇಳುವ ಅರ್ಜಿ. ಸಿಬ್ಬಂದಿ ಕೊರತೆ ಇರುವ ಆಸ್ಪತ್ರೆಯವರು ‘ಸದ್ಯಕ್ಕೆ ಬೇಡ’ ಎಂದರೆ ಮುಂದೇನು? ಕೊನೆಯ ದಿನ ನಮೂದಾಗದಿದ್ದರೆ ನೋಟಿಸ್ ಅವಧಿ ಯಾವತ್ತು ಶುರುವಾಯಿತು ಎಂಬುದೂ ವಿವಾದವಾಗುತ್ತದೆ.

ಈ ತಪ್ಪಿತಸ್ಥ ಭಾವ ಎಲ್ಲಿಂದ ಬಂತು ಎಂದು ವಿಚಾರಿಸಿದೆ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಇವರಿಗೆ ಅಕ್ಕನಂತೆ ಇದ್ದವರು. ಎಳೆಗೂಸಿನ ಸಣ್ಣ ರಕ್ತನಾಳ ಹುಡುಕಿ ಕ್ಯಾನುಲಾ ಹಾಕುವುದನ್ನು ಪಕ್ಕದಲ್ಲಿ ನಿಂತು, ಕೈ ನಡುಗಿದಾಗ ಗದರದೆ ಕಲಿಸಿದ್ದರು. ‘ಅವರಿಗೆ ಏನಂತ ಮುಖ ತೋರಿಸಲಿ ಮೇಡಂ?’ ಎನ್ನುವಾಗ ಸುಮಾ ಅತ್ತುಬಿಟ್ಟರು. ಅವರು ಒಬ್ಬರ ಋಣವನ್ನು ಇಡೀ ಸಂಸ್ಥೆಯ ಮುಂದೆ ಕ್ಷಮಾಪಣೆಯಾಗಿ ಬರೆಯುತ್ತಿದ್ದರು.

ಎರಡನ್ನೂ ಬೇರ್ಪಡಿಸೋಣ ಎಂದೆ. ಸಿಸ್ಟರ್‌ಗೆ ಮೊದಲು ಬಾಯಿಮಾತಿನಲ್ಲೇ ತಿಳಿಸುವುದು. ಹೇಳಬೇಕೆನಿಸಿದ್ದನ್ನೆಲ್ಲ ಕೈಬರಹದ ಕಾಗದದಲ್ಲಿ ಅವರಿಗೇ ಬರೆದುಕೊಡುವುದು. ಆಸ್ಪತ್ರೆಗೆ ಕೊಡುವ ಪತ್ರದಲ್ಲಿ ಕೃತಜ್ಞತೆಗೆ ಒಂದೇ ವಾಕ್ಯ, ಆದರೆ ಅದು ನಿಜವಾಗಿ ಕಲಿತದ್ದರ ಬಗ್ಗೆ. ‘ಸಂಸ್ಥೆಗೆ ಸದಾ ಚಿರಋಣಿ’ ಎಂಬಂಥ ಮಾತನ್ನು ಯಾರು ಬೇಕಾದರೂ ಬರೆಯಬಹುದು. ಓದಿದವರ ಮನಸ್ಸಿನಲ್ಲಿ ಅದು ನಿಲ್ಲುವುದಿಲ್ಲ.

ಆಮೇಲೆ ನೇಮಕಾತಿ ಪತ್ರ ತರಿಸಿ ಒಟ್ಟಿಗೆ ಓದಿದೆವು. ನೋಟಿಸ್ 30 ದಿನ. ಬಾಂಡ್ ಇರಲಿಲ್ಲ, ಇದ್ದಿದ್ದರೆ ಅದರ ಷರತ್ತು ತಿಳಿಯದೆ ಪತ್ರ ಕೊಡಬೇಡಿ ಎನ್ನುತ್ತಿದ್ದೆ. ಕಾಲೇಜಿನಲ್ಲಿ ಶುಲ್ಕ ಕಟ್ಟಿ ಪ್ರವೇಶ ಖಚಿತವಾಗಿತ್ತು, ತರಗತಿ ಸೆಪ್ಟೆಂಬರ್ ಮಧ್ಯಕ್ಕೆ. ಆಗಸ್ಟ್ 1ಕ್ಕೆ ಪತ್ರ ಕೊಟ್ಟು ಮರುದಿನದಿಂದ ಎಣಿಸಿದರೆ 31ಕ್ಕೆ 30 ದಿನ ತುಂಬುತ್ತದೆ. ಕಾಗದಪತ್ರ ಕೈಗೆ ಬರಲು ಎರಡು ವಾರವೂ ಉಳಿಯುತ್ತದೆ.

ಕೊನೆಗೆ ಪತ್ರ ಹೀಗಾಯಿತು:

‘ಇವರಿಗೆ: ಶುಶ್ರೂಷಾ ಅಧೀಕ್ಷಕರು. ಮೂಲಕ: ಇನ್‌ಚಾರ್ಜ್ ಸಿಸ್ಟರ್, ಮಕ್ಕಳ ವಾರ್ಡು.
ವಿಷಯ: ಉನ್ನತ ವ್ಯಾಸಂಗಕ್ಕಾಗಿ ಸ್ಟಾಫ್ ನರ್ಸ್ ಹುದ್ದೆಗೆ ರಾಜೀನಾಮೆ.

ಮಾನ್ಯರೇ, ಎಂ.ಎಸ್ಸಿ. ನರ್ಸಿಂಗ್ ವ್ಯಾಸಂಗಕ್ಕೆ ನನಗೆ ಪ್ರವೇಶ ದೊರೆತಿರುವುದರಿಂದ ನನ್ನ ಹುದ್ದೆಗೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಪತ್ರದಂತೆ 30 ದಿನಗಳ ನೋಟಿಸ್ ಪೂರೈಸಿ, ಆಗಸ್ಟ್ 31 ನನ್ನ ಸೇವೆಯ ಕೊನೆಯ ದಿನವಾಗಿರುತ್ತದೆ. ಎಳೆಗೂಸುಗಳ ಆರೈಕೆಯನ್ನು ಕೈಹಿಡಿದು ಕಲಿಸಿದ ಈ ವಾರ್ಡಿನಿಂದಲೇ ಇದೇ ವಿಷಯವನ್ನು ಮುಂದೆ ಓದುವ ಆಸೆ ಹುಟ್ಟಿತು. ಅದಕ್ಕಾಗಿ ತಮಗೂ ಸಹೋದ್ಯೋಗಿಗಳಿಗೂ ಕೃತಜ್ಞಳು. ನನ್ನ ವಶದಲ್ಲಿರುವ ಔಷಧ ದಾಸ್ತಾನು ರಿಜಿಸ್ಟರ್, ತುರ್ತು ಔಷಧಗಳ ಟ್ರಾಲಿ ಮತ್ತು ಕೀಲಿಗಳನ್ನು ತಾವು ಸೂಚಿಸಿದವರಿಗೆ ಲೆಕ್ಕ ಸಮೇತ ಒಪ್ಪಿಸುತ್ತೇನೆ. ಬಿಡುಗಡೆ ಪತ್ರ ಹಾಗೂ ಅನುಭವ ಪ್ರಮಾಣಪತ್ರವನ್ನು ಕೊನೆಯ ದಿನ ನೀಡಬೇಕಾಗಿ ವಿನಂತಿ.’

ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕದೊಂದಿಗೆ ಸ್ವೀಕೃತಿ ಸಹಿ, ಸೀಲು ಹಾಕಿಸಿಕೊಳ್ಳಿ ಎಂದೆ. ಅನುಭವ ಪ್ರಮಾಣಪತ್ರವನ್ನು ಅಲ್ಲೇ ಓದಿ ನೋಡಬೇಕು ಎಂದೂ ಒತ್ತಿ ಹೇಳಿದೆ. ಎಂ.ಎಸ್ಸಿ. ಪ್ರವೇಶಕ್ಕೆ ಬಿ.ಎಸ್ಸಿ. ನಂತರ ಕನಿಷ್ಠ 1 ವರ್ಷದ ಅನುಭವ ಬೇಕು. ಸೇರಿದ ದಿನ, ಬಿಟ್ಟ ದಿನ, ಹುದ್ದೆ ಸ್ಪಷ್ಟವಾಗಿರದ ಪ್ರಮಾಣಪತ್ರ ಕಾಲೇಜಿನ ಪರಿಶೀಲನೆಯಲ್ಲಿ ತೊಡಕಾಗುತ್ತದೆ.

ಸಿಸ್ಟರ್ ಸುದ್ದಿ ಕೇಳಿ, ‘ಓದಿ ಬಾ ಮಾರಾಯ್ತಿ, ಇದಕ್ಕೆಲ್ಲ ಅಳ್ತಾರಾ?’ ಅಂದರಂತೆ. ಅಧೀಕ್ಷಕರು ಮಾತ್ರ ಇನ್ನೊಂದು ತಿಂಗಳು ಇರಲು ಕೇಳಿದರು. ನಾವು ಮೊದಲೇ ಅಭ್ಯಾಸ ಮಾಡಿದ್ದ ಉತ್ತರವನ್ನೇ ಸುಮಾ ಕೊಟ್ಟರು: ‘31ರ ತನಕ ಯಾವ ಶಿಫ್ಟ್ ಹಾಕಿದರೂ ಬರ್ತೇನೆ ಮೇಡಂ, ಆಮೇಲೆ ಆಗೋದಿಲ್ಲ, ಕಾಲೇಜು ಶುರುವಾಗುತ್ತೆ.’ ಪ್ರಮಾಣಪತ್ರದಲ್ಲಿ ಸೇರಿದ ವರ್ಷ ತಪ್ಪಾಗಿತ್ತು. ಕಚೇರಿಯಲ್ಲೇ ಕಾದು ತಿದ್ದಿಸಿಕೊಂಡು ಹೊರಟರು.